ಮನೆ ಖಾಲಿ ಮಾಡುವ ನೋಟಿಸ್ ಬರೆದಾಯಿತಾ? ಓನರ್ ಕೈಗೆ ಕೊಡುವ ಮುಂಚೆ ನಾಲ್ಕು ಸಲ ಓದಿ

ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಬಾಡಿಗೆ ಮನೆ ಬಿಡುವವರು ಮೊಬೈಲಿನಲ್ಲಿ ನೋಟಿಸ್ ಟೈಪ್ ಮಾಡಿಕೊಂಡು ಬಂದು, "ಪ್ರಿಂಟ್ ಕೊಡಿ, ಹಾಗೇ ತಪ್ಪೇನಾದರೂ ಇದ್ದರೆ ನೋಡಿ" ಎನ್ನುತ್ತಾರೆ. ತಪ್ಪು ಅಂದರೆ ಅವರ ಮನಸ್ಸಿನಲ್ಲಿ ಇರುವುದು ಒತ್ತಕ್ಷರ, ದೀರ್ಘ, ಹ್ರಸ್ವ. ಅಂಥ ತಪ್ಪಿನಿಂದ ಯಾರಿಗೂ ಅಡ್ವಾನ್ಸ್ ಹಣ ನಿಂತಿದ್ದನ್ನು ನಾನು ನೋಡಿಲ್ಲ. ಓನರ್ ಹೆಸರಿನ ಜಾಗದಲ್ಲಿ ಅವರ ಮಗನ ಹೆಸರು ಬಂದಿದ್ದು, ತಾರೀಖು ಬರೆಯದೆ "ತಿಂಗಳ ಕೊನೆಗೆ" ಎಂದು ಬಿಟ್ಟಿದ್ದು, ಇಂಥವುಗಳಿಂದ ಒಂದು ತಿಂಗಳ ಬಾಡಿಗೆ ಜಾಸ್ತಿ ಕಟ್ಟಿದವರನ್ನು ನೋಡಿದ್ದೇನೆ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆಯಾದ್ದರಿಂದ ನಾನು ನೋಟಿಸ್ ಓದಿ ತಿದ್ದುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನೋಟಿಸನ್ನು ಒಂದೇ ಸಲ ಮೇಲಿಂದ ಕೆಳಗೆ ಓದಿ ಮುಗಿಸಬೇಡಿ. ನಾಲ್ಕು ಸಲ ಓದಿ, ಒಂದೊಂದು ಸಲ ಒಂದೇ ವಿಷಯ ನೋಡಿ. ಮೊದಲು ಹೆಸರು, ಆಮೇಲೆ ವಿಳಾಸ, ಆಮೇಲೆ ತಾರೀಖು, ಕೊನೆಗೆ ಮಾತಿನ ಧಾಟಿ. ಬರೆದವರೇ ಓದಿದಾಗ ಕಣ್ಣು ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ. ಒಂದೇ ವಿಷಯ ಹುಡುಕುತ್ತಾ ಹೋದರೆ ಹಾಗೆ ಹಾರುವುದು ಕಡಿಮೆ.

ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದದ್ದು

ಬಾಡಿಗೆ ಅಗ್ರಿಮೆಂಟ್ ಬೇಕೇ ಬೇಕು. ಜೆರಾಕ್ಸ್ ಆದರೂ ಸರಿ, ಆದರೆ ಎಲ್ಲಾ ಪುಟ ಇರಬೇಕು. ಮನೆಯ ಇತ್ತೀಚಿನ ಕರೆಂಟ್ ಬಿಲ್, ಒಂದು ಕ್ಯಾಲೆಂಡರ್, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ನೋಟಿಸನ್ನು ಮೊಬೈಲಿನಲ್ಲಿ ಓದಬೇಡಿ, ಒಂದು ಪ್ರಿಂಟ್ ತೆಗೆದುಕೊಂಡು ಕಾಗದದ ಮೇಲೆ ಓದಿ.

ಮಾತು ಸ್ಪಷ್ಟವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಸರುಗಳು ನಾನು ಸುಮ್ನೆ ಇಟ್ಟವು. ಎಸ್.ಎಸ್. ಪುರಂನ ಒಂದು ಫ್ಲಾಟಿನಲ್ಲಿ ರಮೇಶ ಮತ್ತು ಪುಷ್ಪಾ ಬಾಡಿಗೆಗಿದ್ದಾರೆ. ಓನರ್ ಸಾವಿತ್ರಮ್ಮನವರು ಗುಬ್ಬಿಯಲ್ಲಿ ಇರುತ್ತಾರೆ. ಬಾಡಿಗೆ ಹನ್ನೆರಡು ಸಾವಿರ, ಅದು ಹೋಗುವುದು ಅವರ ಮಗನ ಫೋನಿಗೆ. ಅಡ್ವಾನ್ಸ್ ಅರವತ್ತು ಸಾವಿರ. ಅಗ್ರಿಮೆಂಟ್ 2025ರ ಡಿಸೆಂಬರ್ 5ರಿಂದ 11 ತಿಂಗಳಿಗೆ, ಯಾರು ಬಿಡಿಸಿದರೂ ಯಾರು ಬಿಟ್ಟರೂ ಒಂದು ತಿಂಗಳು ಮುಂಚೆ ಬರಹದಲ್ಲಿ ತಿಳಿಸಬೇಕು ಎಂದಿದೆ. ರಮೇಶ ಬರೆದುಕೊಂಡು ಬಂದದ್ದು ಹೀಗಿತ್ತು ಅಂದುಕೊಳ್ಳಿ:

> ಇಂದ: ರಮೇಶ್, ಫ್ಲಾಟ್ 203, ಎಸ್.ಎಸ್. ಪುರಂ, ತುಮಕೂರು
>
> ಓನರ್ ಅವರಿಗೆ,
>
> ವಿಷಯ: ಮನೆ ಖಾಲಿ ಮಾಡಲು ಅನುಮತಿ ಕೋರಿ
>
> ನಾವು ಮುಂದಿನ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು ಅಂದುಕೊಂಡಿದ್ದೇವೆ. ಮೋಟರ್ ಸರಿ ಮಾಡಿಸಿ ಎಂದು ಎಷ್ಟು ಸಲ ಹೇಳಿದರೂ ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ತಾವು ಅಡ್ವಾನ್ಸ್ ಪೂರ್ತಿ ಹಣವನ್ನು ತಕ್ಷಣ ಕೊಡಬೇಕು. ಇಲ್ಲದಿದ್ದರೆ ಮುಂದಿನ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ.

ಇದರಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ಆದರೂ ಇದನ್ನು ಹಾಗೇ ಕೊಡುವಂತಿಲ್ಲ.

1. ಮೊದಲ ಓದು: ಹೆಸರು

ನೋಟಿಸಿನಲ್ಲಿ ಬರುವ ಪ್ರತಿ ಹೆಸರಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಒಂದೊಂದನ್ನೂ ಅಗ್ರಿಮೆಂಟಿನ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಅಗ್ರಿಮೆಂಟಿನಲ್ಲಿ "ರಮೇಶ ಟಿ.ಎನ್." ಎಂದಿದ್ದರೆ ನೋಟಿಸಿನಲ್ಲೂ ಹಾಗೇ ಇರಲಿ. "ರಮೇಶ್" ಎಂದು ಇನಿಷಿಯಲ್ ಬಿಟ್ಟು ಬರೆದರೆ ಓನರಿಗೆ ಗೊತ್ತಾಗುತ್ತದೆ ನಿಜ, ಆದರೆ ನಾಳೆ ಹಣದ ವಿಷಯಕ್ಕೆ ಈ ಎರಡು ಕಾಗದ ಜೊತೆಯಲ್ಲಿ ಇಟ್ಟು ನೋಡುವವರು ಬೇರೆಯವರಾಗಿರಬಹುದು. ಮಹೇಶ, ಮಹೇಶ್, ಮಹೇಷ, ಈ ಮೂರನ್ನೂ ನಾನು ಒಂದೇ ಮನುಷ್ಯನ ಕಾಗದಗಳಲ್ಲಿ ನೋಡಿದ್ದೇನೆ. ಅಗ್ರಿಮೆಂಟ್ ಇಂಗ್ಲಿಷಿನಲ್ಲಿದ್ದು ನೋಟಿಸ್ ಕನ್ನಡದಲ್ಲಿದ್ದರೆ, ಹೆಸರನ್ನು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಅಗ್ರಿಮೆಂಟಿನ ಇಂಗ್ಲಿಷ್ ಸ್ಪೆಲಿಂಗನ್ನೂ ಹಾಗೇ ಇಳಿಸಿಬಿಡಿ.

ಇನ್ನೊಂದು ಕಡೆಯೂ ನೋಡಿ. ಅಗ್ರಿಮೆಂಟಿನ ಮೊದಲ ಪುಟ ಇ-ಸ್ಟಾಂಪ್ ಕಾಗದವಾಗಿದ್ದರೆ, ಅದರಲ್ಲೇ ಮೊದಲನೇ ಪಾರ್ಟಿ, ಎರಡನೇ ಪಾರ್ಟಿ ಎಂದು ಹೆಸರು ಅಚ್ಚಾಗಿರುತ್ತದೆ. ಅಲ್ಲಿರುವ ಹೆಸರಿಗೂ ಕೆಳಗೆ ಟೈಪ್ ಮಾಡಿದ ಹೆಸರಿಗೂ ವ್ಯತ್ಯಾಸ ಇದ್ದರೆ, ಕೆಳಗಿನ ಬರಹದಲ್ಲಿ ಇರುವಂತೆ, ಸಹಿ ಹಾಕಿದ ಹೆಸರನ್ನೇ ಹಿಡಿಯಿರಿ.

ಈಗ ಮುಖ್ಯವಾದ ಮಾತು. ನೋಟಿಸ್ ಯಾರ ಹೆಸರಿಗೆ? ದಿನಾ ಮಾತಾಡುವುದು, ಬಾಡಿಗೆ ಹಾಕುವುದು ಎಲ್ಲಾ ಮಗನ ಜೊತೆಯೇ ಆದ್ದರಿಂದ ಅವನ ಹೆಸರು ಬರೆಯೋಣ ಅನ್ನಿಸುತ್ತದೆ. ಅಗ್ರಿಮೆಂಟಿಗೆ ಓನರ್ ಅಂತ ಸಹಿ ಹಾಕಿದವರು ಸಾವಿತ್ರಮ್ಮನವರು. ಅವರ ಹೆಸರಿಗೇ ಬರೆಯಿರಿ, ಮಗನಿಗೆ ಒಂದು ಪ್ರತಿ ಕೊಡಿ. ಮಗ ಅಮ್ಮನ ಪರವಾಗಿ ಜಿಪಿಎ ಹಿಡಿದು ಸಹಿ ಮಾಡಿದ್ದರೆ (ಜಿಪಿಎ ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹಾರ ಮಾಡಲು ಕೊಟ್ಟ ಅಧಿಕಾರ ಪತ್ರ) ಆಗಲೂ ಓನರ್ ಹೆಸರು ಮೊದಲು, "ಇವರ ಪರವಾಗಿ" ಎಂದು ಮಗನ ಹೆಸರು ಆಮೇಲೆ. "ಓನರ್ ಅವರಿಗೆ" ಎಂದು ಹೆಸರೇ ಇಲ್ಲದೆ ಬಿಡುವುದಂತೂ ಬೇಡ.

ನಿಮ್ಮ ಕಡೆ ಅಗ್ರಿಮೆಂಟಿಗೆ ಇಬ್ಬರು ಸಹಿ ಹಾಕಿದ್ದರೆ ನೋಟಿಸಿಗೂ ಇಬ್ಬರೂ ಹಾಕಿ. ರಮೇಶ ಒಬ್ಬನೇ ಸಹಿ ಹಾಕಿದರೆ "ಪುಷ್ಪಾ ಇಲ್ಲೇ ಇರುತ್ತಾರಾ" ಎಂಬ ಪ್ರಶ್ನೆಗೆ ಜಾಗ ಕೊಟ್ಟ ಹಾಗೆ.

ಹಳೆಯ ಫೈಲನ್ನೇ ತಿದ್ದಿ ನೋಟಿಸ್ ಮಾಡುವವರು ಇದನ್ನು ಎರಡು ಪಟ್ಟು ಗಮನಿಸಬೇಕು. ಮೇಲೆ ಹೆಸರು ಬದಲಾಯಿಸಿರುತ್ತಾರೆ, ಕೆಳಗೆ ಸಹಿಯ ಜಾಗದಲ್ಲಿ ಹಳಬರ ಹೆಸರು ಉಳಿದಿರುತ್ತದೆ. ನಮ್ಮ ಅಂಗಡಿಯಲ್ಲಿ ಜಾಸ್ತಿ ಸಿಗುವ ತಪ್ಪು ಇದೇ.

2. ಎರಡನೇ ಓದು: ವಿಳಾಸ

ನೋಟಿಸಿನಲ್ಲಿ ಎರಡು ವಿಳಾಸ ಇರಬೇಕು. ಒಂದು ಓನರ್ ವಾಸ ಇರುವ ಮನೆಯದು, ಕಾಗದ ಹೋಗಬೇಕಾದ ಜಾಗ. ಇನ್ನೊಂದು ನೀವು ಬಿಡುತ್ತಿರುವ ಫ್ಲಾಟಿನದು. ಜನ ಒಂದನ್ನೇ ಬರೆದು ಬಿಡುತ್ತಾರೆ, ಅಥವಾ ಎರಡೂ ಕಡೆ ಫ್ಲಾಟಿನ ವಿಳಾಸವನ್ನೇ ಹಾಕುತ್ತಾರೆ. ಆಗ ಪೋಸ್ಟಿನಲ್ಲಿ ಹೋದ ನೋಟಿಸ್ ತಿರುಗಿ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಗುಬ್ಬಿಯ ವಿಳಾಸವನ್ನು ಅಗ್ರಿಮೆಂಟಿನಿಂದ ಇಳಿಸಿ. ಓನರ್ ಆಮೇಲೆ ಮನೆ ಬದಲಾಯಿಸಿದ್ದರೆ ಫೋನ್ ಮಾಡಿ ಕೇಳಿಕೊಳ್ಳಿ.

ಫ್ಲಾಟಿನ ವಿಳಾಸವನ್ನು ತುಂಡು ತುಂಡಾಗಿ ಟಿಕ್ ಹಾಕುತ್ತಾ ಬನ್ನಿ: ಫ್ಲಾಟ್ ನಂಬರ್, ಮಹಡಿ, ಬ್ಲಾಕ್, ಅಪಾರ್ಟ್‌ಮೆಂಟಿನ ಹೆಸರು, ಮೇನ್, ಕ್ರಾಸ್, ಬಡಾವಣೆ, ಪಿನ್. ಮೇನ್ ಮತ್ತು ಕ್ರಾಸ್ ಅದಲುಬದಲಾಗುವುದು ತೀರಾ ಸಾಮಾನ್ಯ. 3ನೇ ಮೇನ್ 2ನೇ ಕ್ರಾಸ್ ಬೇರೆ, 2ನೇ ಮೇನ್ 3ನೇ ಕ್ರಾಸ್ ಬೇರೆ, ಓದುವಾಗ ಎರಡೂ ಸರಿಯಾಗಿಯೇ ಕಾಣುತ್ತವೆ. ಮಹಡಿಯ ಲೆಕ್ಕದಲ್ಲೂ ಗೊಂದಲ ಇದೆ. ಕೆಲವರು ನೆಲಮಹಡಿಯನ್ನೇ ಒಂದನೇ ಮಹಡಿ ಎನ್ನುತ್ತಾರೆ, ಆಗ 203 ಮೂರನೇ ಮಹಡಿಯಾಗಿಬಿಡುತ್ತದೆ. ನಿಮ್ಮ ಲೆಕ್ಕ ಏನೇ ಇರಲಿ, ಅಗ್ರಿಮೆಂಟಿನಲ್ಲಿ ಹೇಗಿದೆಯೋ ಹಾಗೆ ಬರೆಯಿರಿ.

ಪಿನ್ ಕೋಡಿನ ಕೊನೆಯ ಅಂಕಿ ನೋಡಿ. ತುಮಕೂರು ಅಂದರೆ 572101 ಎಂದು ಕೈ ತಾನೇ ಬರೆದುಬಿಡುತ್ತದೆ, ಆದರೆ ಕ್ಯಾತ್ಸಂದ್ರಕ್ಕೆ 572104. ಊರಿನ ಹೆಸರು ಹಳೆಯ ಇಂಗ್ಲಿಷ್ ಅಗ್ರಿಮೆಂಟಿನಲ್ಲಿ "ತುಮ್ಕೂರ್" ಎಂಬಂತೆ ಇದ್ದು, ನೀವು ತುಮಕೂರು ಎಂದು ಬರೆದರೆ ಅದರಿಂದ ತೊಂದರೆ ಇಲ್ಲ. 2014ರಲ್ಲಿ ಹೆಸರು ಬದಲಾದದ್ದು ಎಲ್ಲರಿಗೂ ಗೊತ್ತಿದೆ.

ಕರೆಂಟ್ ಬಿಲ್ ಇಟ್ಟುಕೊಳ್ಳಿ ಎಂದಿದ್ದು ಇಲ್ಲಿಗೆ. ಬೆಸ್ಕಾಂ ಬಿಲ್ಲಿನಲ್ಲಿ ಆರ್.ಆರ್. ನಂಬರ್ ಎಂದು ಇರುತ್ತದೆ, ಅದು ನಿಮ್ಮ ಮೀಟರಿನ ಗುರುತು. ನೋಟಿಸಿನಲ್ಲಿ ವಿಳಾಸದ ಕೆಳಗೆ ಆ ನಂಬರನ್ನೂ ಬರೆದರೆ ಯಾವ ಫ್ಲಾಟ್ ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಒಬ್ಬರೇ ಓನರಿಗೆ ಅದೇ ಕಟ್ಟಡದಲ್ಲಿ ಎರಡು ಮೂರು ಫ್ಲಾಟ್ ಇದ್ದಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

3. ಮೂರನೇ ಓದು: ಕೀ ಕೊಡುವ ತಾರೀಖು

ಇಲ್ಲಿ ನಿಧಾನ ಮಾಡಿ. ಹಣದ ತಗಾದೆ ಶುರುವಾಗುವುದು ಇಲ್ಲಿಂದಲೇ.

"ಮುಂದಿನ ತಿಂಗಳ ಕೊನೆಗೆ" ಎಂದರೆ ಯಾವ ದಿನ? ರಮೇಶನ ಮನಸ್ಸಿನಲ್ಲಿ ಅಕ್ಟೋಬರ್ 31. ಆದರೆ ಅವನ ಬಾಡಿಗೆ ತಿಂಗಳು 1ರಿಂದ ಶುರುವಾಗುವುದಲ್ಲ, 5ರಿಂದ. 2025ರ ಡಿಸೆಂಬರ್ 5ರಿಂದ 11 ತಿಂಗಳು ಎಣಿಸಿದರೆ ಅಗ್ರಿಮೆಂಟ್ ಮುಗಿಯುವುದು 2026ರ ನವೆಂಬರ್ 4ಕ್ಕೆ, 5ಕ್ಕೆ ಅಲ್ಲ. ಅಕ್ಟೋಬರ್ 5ಕ್ಕೆ ಕಟ್ಟುವ ಬಾಡಿಗೆ ನವೆಂಬರ್ 4ರವರೆಗೂ ಸಲ್ಲುತ್ತದೆ. ಅಂದಮೇಲೆ 31ಕ್ಕೇ ಕೀ ಕೊಟ್ಟರೆ ಹಣ ಕಟ್ಟಿದ ನಾಲ್ಕು ದಿನ ಸುಮ್ಮನೆ ಬಿಟ್ಟುಕೊಟ್ಟ ಹಾಗೆ. ನವೆಂಬರ್ 5 ಎಂದು ಬರೆದರೆ ಇನ್ನೂ ಕಷ್ಟ, ಹೊಸ ತಿಂಗಳು ಶುರುವಾಯಿತು ಎಂದು ಓನರ್ ಇನ್ನೊಂದು ಬಾಡಿಗೆ ಕೇಳಬಹುದು. ಹಾಗಾಗಿ ನೋಟಿಸಿನಲ್ಲಿ ಬರಬೇಕಾದ ತಾರೀಖು ನವೆಂಬರ್ 4. ಸಾಮಾನು ಸಾಗಿಸುವುದನ್ನು ನವೆಂಬರ್ 1ರ ಭಾನುವಾರ ಇಟ್ಟುಕೊಂಡು, ಉಳಿದ ದಿನಗಳಲ್ಲಿ ಮನೆ ಗುಡಿಸಿ ತೊಳೆದು 4ಕ್ಕೆ ಕೀ ಕೊಟ್ಟರೆ ಆಯಿತು.

ಈಗ ಹಿಂದಕ್ಕೆ ಎಣಿಸಿ. ಒಂದು ತಿಂಗಳು ಮುಂಚೆ ತಿಳಿಸಬೇಕು ಎಂದಿದ್ದರೆ ಆ ತಿಂಗಳು ಎಣಿಕೆಯಾಗುವುದು ನೀವು ಬರೆದ ದಿನದಿಂದ ಅಲ್ಲ, ಕಾಗದ ಓನರಿಗೆ ಸಿಕ್ಕಿದ ದಿನದಿಂದ ಎಂದೇ ಇಟ್ಟುಕೊಳ್ಳಿ. ಅಕ್ಟೋಬರ್ 3ರ ಒಳಗೆ ಸಾವಿತ್ರಮ್ಮನವರ ಕೈ ಸೇರಬೇಕು. ಪೋಸ್ಟಿನಲ್ಲಿ ಕಳಿಸುವುದಾದರೆ ಒಂದು ವಾರ ಮುಂಚೆ ಹಾಕಿ. ರಮೇಶನಿಗೆ ಸೆಪ್ಟೆಂಬರ್ 28ಕ್ಕೆ ನೋಟಿಸ್ ಮಾಡಿ ಅವತ್ತೇ ಗುಬ್ಬಿಗೆ ಹೋಗಿ ಕೊಟ್ಟು ಬರಲು ನಾನು ಹೇಳುತ್ತೇನೆ. ಅಗ್ರಿಮೆಂಟಿನಲ್ಲಿ "ಲಾಕ್-ಇನ್" ಎಂಬ ಮಾತು ಇದೆಯಾ ಎಂದೂ ನೋಡಿ. ಇಷ್ಟು ತಿಂಗಳ ಒಳಗೆ ಮನೆ ಬಿಡುವಂತಿಲ್ಲ ಎಂಬ ಷರತ್ತು ಅದು. ನೀವು ಬರೆದ ತಾರೀಖು ಆ ಅವಧಿಯ ಒಳಗೆ ಬಿದ್ದರೆ ನೋಟಿಸ್ ಕೊಡುವ ಮುಂಚೆ ಓನರ್ ಜೊತೆ ಮಾತಾಡಬೇಕು.

ಅಗ್ರಿಮೆಂಟೇ ಇಲ್ಲದಿದ್ದರೆ? ಅಥವಾ 11 ತಿಂಗಳು ಯಾವಾಗಲೋ ಮುಗಿದು, ತಿಂಗಳು ತಿಂಗಳು ಬಾಡಿಗೆ ಕೊಡುತ್ತಾ ಮುಂದುವರಿದಿದ್ದರೆ? ಬೇರೆ ಕರಾರು ಇಲ್ಲದ ಕಡೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ಲಿಖಿತ ನೋಟಿಸ್ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಹೇಳುತ್ತದೆ. ಅದಕ್ಕೆ ಸಹಿಯೂ ಇರಬೇಕು. ಆದರೂ ಒಂದು ತಿಂಗಳೇ ಕೊಡಿ ಎನ್ನುತ್ತೇನೆ. ಓನರಿಗೆ ಇನ್ನೊಬ್ಬರನ್ನು ಹುಡುಕಲು ಸಮಯ ಬೇಕು, ನಿಮ್ಮ ಅಡ್ವಾನ್ಸ್ ಹಣ ಎಷ್ಟೋ ಸಲ ಹೊಸಬರು ಕೊಡುವ ಅಡ್ವಾನ್ಸಿನಿಂದಲೇ ಬರುತ್ತದೆ.

ತಾರೀಖು ಬರೆಯುವ ರೀತಿಗೆ ಬರೋಣ. 4/11 ಎಂದು ಬರೀ ಅಂಕಿ ಹಾಕಬೇಡಿ. ತಿಂಗಳನ್ನು ಅಕ್ಷರದಲ್ಲಿ ಬರೆದು ವಾರವನ್ನೂ ಸೇರಿಸಿ: "2026ರ ನವೆಂಬರ್ 4, ಬುಧವಾರ". ವಾರ ಸೇರಿಸಿದರೆ ಕ್ಯಾಲೆಂಡರ್ ತೆಗೆಯಲೇಬೇಕಾಗುತ್ತದೆ, ತಾರೀಖು ವಾರ ಹೊಂದದಿದ್ದರೆ ತಪ್ಪು ಅಲ್ಲೇ ಸಿಗುತ್ತದೆ. ಸೆಪ್ಟೆಂಬರ್ 31 ಎಂದು ಇಲ್ಲದ ದಿನ ಬರೆದವರೂ ಹೀಗೇ ಸಿಕ್ಕಿಬೀಳುತ್ತಾರೆ. ಕನ್ನಡ ಅಂಕಿ ಬಳಸುವವರು ೬ ಮತ್ತು ೯ ನೋಡಿಕೊಳ್ಳಿ, ಸಣ್ಣ ಅಕ್ಷರದ ಪ್ರಿಂಟಿನಲ್ಲಿ ಒಂದು ಇನ್ನೊಂದರ ಹಾಗೆ ಕಾಣುತ್ತದೆ.

ಕ್ಯಾಲೆಂಡರ್ ಕೈಯಲ್ಲಿ ಇದ್ದಾಗಲೇ ಆ ದಿನ ಅಮಾವಾಸ್ಯೆಯಾ, ಶುಕ್ರವಾರವಾ ಎಂದೂ ನೋಡಿಬಿಡಿ. ನೀವು ನಂಬದೆ ಇರಬಹುದು. ಆದರೆ ನಮ್ಮ ಕಡೆ ಶುಕ್ರವಾರ ಮನೆಯಿಂದ ಹಣ ಹೊರಗೆ ಕೊಡದ ಹಿರಿಯರು ಬೇಕಾದಷ್ಟು ಇದ್ದಾರೆ. ಕೀ ಶುಕ್ರವಾರ ಕೊಟ್ಟರೆ ಅಡ್ವಾನ್ಸ್ "ನಾಳೆ ಬನ್ನಿ" ಆಗುತ್ತದೆ. ಒಂದು ದಿನ ಮುಂಚೆ ಇಟ್ಟುಕೊಂಡರೆ ಮುಗಿಯಿತು ಅಲ್ವಾ?

ಇನ್ನು, ನೋಟಿಸಿನ ಮೇಲೆ ವಿಷಯದಲ್ಲಿ ಒಂದು ತಾರೀಖು, ಒಳಗೆ ಇನ್ನೊಂದು ಇರುವುದುಂಟು. ಮನಸ್ಸು ಬದಲಾಯಿಸಿ ಒಳಗೆ ಮಾತ್ರ ತಿದ್ದಿರುತ್ತಾರೆ. ಪ್ರತಿ ತಾರೀಖಿಗೂ ಪೆನ್ಸಿಲ್ ಸುತ್ತು ಹಾಕಿ ಎಲ್ಲಾ ಒಂದೇನಾ ನೋಡಿ.

4. ನಾಲ್ಕನೇ ಓದು: ಮಾತಿನ ಧಾಟಿ

ಈ ಸಲ ಜೋರಾಗಿ ಓದಿ. ಸಾವಿತ್ರಮ್ಮನವರು ಎದುರಿಗೆ ಕೂತಿದ್ದಾರೆ ಅಂದುಕೊಳ್ಳಿ.

ವಿನಯ ಅಂದರೆ ಅನುಮತಿ ಕೇಳುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಶಾಲೆಯಲ್ಲಿ ರಜೆ ಅರ್ಜಿ ಬರೆದ ಅಭ್ಯಾಸ ಅದು. "ಅನುಮತಿ ಕೋರಿ" ಎಂದು ಬರೆದರೆ ಅದು ಅರ್ಜಿಯಾಗುತ್ತದೆ, ಓನರ್ "ನಾನು ಒಪ್ಪಿಲ್ಲವಲ್ಲ" ಎನ್ನಬಹುದು. ನೋಟಿಸ್ ಅಂದರೆ ತಿಳಿಸುವುದು. ಹಾಗೇ "ಖಾಲಿ ಮಾಡಬೇಕು ಅಂದುಕೊಂಡಿದ್ದೇವೆ" ಎನ್ನುವುದು ಬರೀ ಯೋಚನೆ, ಅದರಿಂದ ದಿನ ಎಣಿಕೆ ಶುರುವಾಗುವುದಿಲ್ಲ. "ಖಾಲಿ ಮಾಡಿ ಕೀ ಒಪ್ಪಿಸುತ್ತೇವೆ" ಎಂದು ಖಚಿತವಾಗಿ ಬರೆಯಿರಿ. ಖಚಿತವಾಗಿ ಬರೆದರೆ ಒರಟಾಗುತ್ತದೆ ಎಂಬ ಹೆದರಿಕೆ ಬೇಡ. "ತಮ್ಮ ಗಮನಕ್ಕೆ ತರುತ್ತಿದ್ದೇವೆ" ಎಂದು ಮುಂದೆ ಸೇರಿಸಿದರೆ ಸಾಕು.

ದೂರುಗಳನ್ನು ತೆಗೆಯಿರಿ. ಮೋಟರ್ ಕೆಟ್ಟಿದ್ದು ನಿಜವೇ ಇರಬಹುದು, ನಿಮಗೆ ಕಷ್ಟವೂ ಆಗಿರಬಹುದು. ಆದರೆ ಅದನ್ನು ಇಲ್ಲಿ ಬರೆದರೆ ಓನರ್ ಉತ್ತರ ಕೊಡುವುದು ಮೋಟರ್ ಬಗ್ಗೆಯೇ ಹೊರತು ತಾರೀಖಿನ ಬಗ್ಗೆ ಅಲ್ಲ. ರಿಪೇರಿಗೆ ನೀವು ಕೈಯಿಂದ ಹಣ ಹಾಕಿದ್ದರೆ ಬಿಲ್ ಸಮೇತ ಬೇರೆ ಕಾಗದ ಕೊಡಿ. "ಮುಂದಿನ ಕ್ರಮ" ಎಂಬ ಮಾತಂತೂ ಬೇಡವೇ ಬೇಡ. ಹಣ ಕೊಡಬೇಕಾದ ದಿನ ಇನ್ನೂ ಬಂದೇ ಇಲ್ಲ, ಈಗಲೇ ಬೆದರಿಸಿದರೆ ಕೊಡುವ ಮನಸ್ಸೂ ಮುರಿಯುತ್ತದೆ.

ಅಡ್ವಾನ್ಸ್ ಬಗ್ಗೆ ಒಂದೇ ವಾಕ್ಯ ಸಾಕು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಎರಡೂ ಹೊಂದುತ್ತವಾ ನೋಡಿ. "ಪೂರ್ತಿ" ಎಂದು ಬರೆಯುವ ಮುಂಚೆ ಅಗ್ರಿಮೆಂಟ್ ತೆಗೆಯಿರಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ಷರತ್ತಿಗೆ ನೀವೇ ಸಹಿ ಹಾಕಿರಬಹುದು. "ಕರಾರಿನ ಪ್ರಕಾರ" ಎಂದರೆ ನೀವೂ ಜಾಸ್ತಿ ಕೇಳಿದಂತಾಗುವುದಿಲ್ಲ, ಅವರೂ ಜಾಸ್ತಿ ಹಿಡಿಯುವಂತಿಲ್ಲ.

ರಮೇಶನ ಕಾಗದದಲ್ಲಿ "ನೀವು" ಎಂದು ಶುರುವಾಗಿ "ತಾವು" ಎಂದು ಮುಗಿದಿದೆ. ಯಾವುದಾದರೂ ಒಂದು ಹಿಡಿಯಿರಿ. ಹಿರಿಯರಿಗೆ ತಾವು ಚೆನ್ನ, ಹಾಗಾದರೆ ಕೊನೆಯವರೆಗೂ ತಾವು, ತಮ್ಮ, ತಮಗೆ. ದಿನಾ "ಆಂಟಿ" ಎಂದು ಕರೆಯುತ್ತಿದ್ದರೂ ಕಾಗದದಲ್ಲಿ "ಮಾನ್ಯರೇ" ಇರಲಿ.

ಎಲ್ಲಾ ತಿದ್ದಿದ ಮೇಲೆ ಕಾಗದ ಹೀಗಾಯಿತು:

> ದಿನಾಂಕ: 2026ರ ಸೆಪ್ಟೆಂಬರ್ 28, ಸೋಮವಾರ
>
> ಇಂದ: ರಮೇಶ ಟಿ.ಎನ್. ಮತ್ತು ಪುಷ್ಪಾ (ಫ್ಲಾಟಿನ ಪೂರ್ತಿ ವಿಳಾಸ, ಆರ್.ಆರ್. ನಂಬರ್)
>
> ಗೆ: ಶ್ರೀಮತಿ ಸಾವಿತ್ರಮ್ಮನವರು (ಗುಬ್ಬಿಯ ಪೂರ್ತಿ ವಿಳಾಸ)
>
> ವಿಷಯ: ಫ್ಲಾಟ್ ನಂ. 203 ಅನ್ನು 2026ರ ನವೆಂಬರ್ 4ರಂದು ಖಾಲಿ ಮಾಡುವ ಬಗ್ಗೆ ನೋಟಿಸ್
>
> ಮಾನ್ಯರೇ,
>
> 2025ರ ಡಿಸೆಂಬರ್ 5ರ ಬಾಡಿಗೆ ಕರಾರಿನಂತೆ ನಾವು ತಮ್ಮ ಮೇಲ್ಕಂಡ ಫ್ಲಾಟಿನಲ್ಲಿ ವಾಸವಾಗಿದ್ದೇವೆ. ಈ ಫ್ಲಾಟನ್ನು 2026ರ ನವೆಂಬರ್ 4, ಬುಧವಾರ ಖಾಲಿ ಮಾಡಿ ಕೀಗಳನ್ನು ತಮಗೆ ಒಪ್ಪಿಸುತ್ತೇವೆ ಎಂದು ತಮ್ಮ ಗಮನಕ್ಕೆ ತರುತ್ತಿದ್ದೇವೆ. ಆ ದಿನದವರೆಗಿನ ಬಾಡಿಗೆ ಮತ್ತು ಕರೆಂಟ್ ಬಿಲ್ ನಾವು ಕಟ್ಟುತ್ತೇವೆ.
>
> ಹೊಸಬರಿಗೆ ಮನೆ ತೋರಿಸಬೇಕಾದರೆ ಮುಂಚೆ ಒಂದು ಫೋನ್ ಮಾಡಿದರೆ ಸಂಜೆ 6ರ ನಂತರ ಅಥವಾ ಭಾನುವಾರ ನಾವು ಮನೆಯಲ್ಲಿ ಇರುತ್ತೇವೆ. ಕೀ ಒಪ್ಪಿಸುವ ದಿನ ತಾವು ಬಂದು ಮನೆ ನೋಡಿಕೊಂಡು, ಅಡ್ವಾನ್ಸ್ ಹಣ ರೂ. 60,000ವನ್ನು (ಅರವತ್ತು ಸಾವಿರ ರೂಪಾಯಿ) ಕರಾರಿನ ಪ್ರಕಾರ ಲೆಕ್ಕ ಮಾಡಿ ಹಿಂದಿರುಗಿಸಬೇಕೆಂದು ಕೋರುತ್ತೇವೆ.
>
> ತಮ್ಮ ವಿಶ್ವಾಸಿಗಳು,
> (ಇಬ್ಬರ ಸಹಿ)

5. ಪ್ರಿಂಟ್ ಆದ ಮೇಲೆ

ಕಂಪ್ಯೂಟರಿನಲ್ಲಿ ಸರಿ ಇದ್ದದ್ದು ಕಾಗದದಲ್ಲಿ ಕೆಡಬಹುದು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳು ಅರ್ಥವಿಲ್ಲದ ಗುರುತುಗಳಾಗುತ್ತವೆ. ವಾಟ್ಸಾಪಿನಲ್ಲಿ ಮಗನಿಗೆ ಪ್ರತಿ ಕಳಿಸುವುದಾದರೆ ಪಿಡಿಎಫ್ ಮಾಡಿ ಕಳಿಸಿ, ಇಲ್ಲವೇ ಸಹಿ ಆದ ಕಾಗದದ ಫೋಟೋ ಕಳಿಸಿ.

ಎರಡು ಪ್ರತಿ ತೆಗೆದು ಎರಡಕ್ಕೂ ಸಹಿ ಹಾಕಿ. ಒಂದು ಓನರಿಗೆ. ಇನ್ನೊಂದರಲ್ಲಿ "ತಲುಪಿದೆ" ಎಂದು ಅವರಿಂದ ಬರೆಸಿ, ಸಹಿ ಮತ್ತು ಅವತ್ತಿನ ತಾರೀಖು ಹಾಕಿಸಿಕೊಳ್ಳಿ. ಅವರು ಬರೆದ ತಾರೀಖನ್ನೂ ಅಲ್ಲೇ ಓದಿ. ಎಷ್ಟೋ ಸಲ ಮಾತಿನ ಭರದಲ್ಲಿ ಕೀ ಕೊಡುವ ತಾರೀಖನ್ನೇ ಅಲ್ಲಿ ಬರೆದುಬಿಡುತ್ತಾರೆ. ಸಹಿ ಹಾಕಲು ಹಿಂಜರಿದರೆ ಒತ್ತಾಯ ಬೇಡ, ಅದೇ ಕಾಗದವನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಕೊಟ್ಟು ಬಂದ ಮೇಲೆ ತಪ್ಪು ಕಣ್ಣಿಗೆ ಬಿದ್ದರೆ ನಿಮ್ಮ ಪ್ರತಿಯಲ್ಲಿ ಮಾತ್ರ ಪೆನ್ನಿನಿಂದ ತಿದ್ದಬೇಡಿ. ಎರಡು ಪ್ರತಿ ಎರಡು ತರ ಇದ್ದರೆ ಯಾವುದನ್ನೂ ನಂಬುವ ಹಾಗಿಲ್ಲ. "28ನೇ ತಾರೀಖಿನ ನಮ್ಮ ನೋಟಿಸಿನಲ್ಲಿ ಫ್ಲಾಟ್ ನಂ. 302 ಎಂದು ತಪ್ಪಾಗಿ ಬಂದಿದೆ, ಅದನ್ನು 203 ಎಂದು ಓದಿಕೊಳ್ಳಬೇಕು" ಎಂದು ಒಂದು ಸಣ್ಣ ಕಾಗದ ಬರೆದು, ಅದಕ್ಕೂ ಹೀಗೇ ಸಹಿ ಪಡೆಯಿರಿ. ತಪ್ಪು ಇದ್ದದ್ದು ಕೀ ಕೊಡುವ ತಾರೀಖಿನಲ್ಲೇ ಆದರೆ ಇಷ್ಟು ಸಾಲದು. ಹೊಸ ನೋಟಿಸ್ ಮಾಡಿ, ಅದು ಓನರಿಗೆ ಸಿಕ್ಕಿದ ದಿನದಿಂದ ಒಂದು ತಿಂಗಳನ್ನು ಮತ್ತೆ ಎಣಿಸಿ ನೋಡಿ.